ಅಧ್ಯಯನ ಪಾಠ: ಕಪ್ಪಾದ ತಾಮ್ರದ ಕೊಡ ಮತ್ತು ಬಾಟಲಿಗಳ ಪುನರುಪಯೋಗ ಹಾಗೂ ಸುರಕ್ಷಿತ ಬಳಕೆ

(ಗ್ರಾಮ ಪಂಚಾಯತಿಗಳ ಮಾನ್ಯ ಸದಸ್ಯರ ಅವಗಾಹನೆಗಾಗಿ)

1. ಪೀಠಿಕೆ

ಗ್ರಾಮ ಪಂಚಾಯತಿ ಕಚೇರಿ, ಶಾಲೆ ಹಾಗೂ ಅಂಗನವಾಡಿಗಳಿಗೆ ದಾನಿಗಳು ನೀಡಿದ ತಾಮ್ರದ ಕೊಡಗಳು ಕೆಲವು ವರ್ಷಗಳಲ್ಲಿಯೇ ಕಪ್ಪಾಗಿ ದಾಸ್ತಾನು ಕೊಠಡಿಯ ಮೂಲೆ ಸೇರುವುದುಂಟು. ಅವುಗಳನ್ನು ಮತ್ತೆ ಬಳಕೆಗೆ ತರುವುದು ಕಷ್ಟವಲ್ಲ. ಆದರೆ ಹೊರಗಿನ ಹೊಳಪನ್ನೇ ಶುದ್ಧತೆಯೆಂದು ಭಾವಿಸಿ, ಒಳಭಾಗವನ್ನು ಸರಿಯಾಗಿ ತೊಳೆಯದೆ ನೀರು ತುಂಬಿದಲ್ಲಿ ಕುಡಿದವರಿಗೆ ವಾಂತಿ, ಹೊಟ್ಟೆನೋವು ಉಂಟಾಗಬಹುದು. ಆದುದರಿಂದ ಯಾವ ಕಪ್ಪನ್ನು ತೆಗೆಯಬೇಕು, ಹೇಗೆ ತೆಗೆಯಬೇಕು ಮತ್ತು ಆ ಬಳಿಕ ಯಾರು ಎಂತಹ ನೀರನ್ನು ಅದರಲ್ಲಿಟ್ಟು ಕುಡಿಯಬಹುದು ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

2. ತಾಮ್ರವು ಕಪ್ಪಾಗಲು ಕಾರಣ

ತಾಮ್ರವು ಗಾಳಿಯಲ್ಲಿರುವ ಆಮ್ಲಜನಕದೊಡನೆ ಸೇರಿದಾಗ ಅದರ ಮೇಲೆ ಮೊದಲು ಕೆಂಗಂದು ಬಣ್ಣದ, ಬಳಿಕ ಕಪ್ಪು ಬಣ್ಣದ ಪದರ ಮೂಡುತ್ತದೆ. ಇದು ತಾಮ್ರದ ಆಕ್ಸೈಡ್. ತೆಳುವಾಗಿ, ಸಮನಾಗಿ ಅಂಟಿಕೊಂಡಿರುವ ಕಂದು ಪದರವು ಹಾನಿಕರವಲ್ಲ. ಅದು ಕೆಳಗಿನ ಲೋಹವು ನೀರಿನಲ್ಲಿ ಬೇಗನೆ ಕರಗದಂತೆ ಮರೆಯಾಗಿಯೂ ನಿಲ್ಲುತ್ತದೆ. ಕೈಗೆ ಪುಡಿಯಾಗಿ ಹತ್ತುವ ಅಥವಾ ಸಿಪ್ಪೆಯಾಗಿ ಏಳುವ ಕಪ್ಪನ್ನು ಮಾತ್ರ ತೆಗೆಯಲೇಬೇಕು.

ಹಸಿರು ಅಥವಾ ನೀಲಿಹಸಿರು ಬಣ್ಣದ ಕಿಲುಬು ಬೇರೆಯೇ ಪದಾರ್ಥ. ತೇವ, ಗಾಳಿ ಮತ್ತು ಹುಳಿ ಸೇರಿದ ಕಡೆ, ಮುಖ್ಯವಾಗಿ ಕೊಡದ ಕಂಠದ ಒಳಸುತ್ತು, ತಳದ ಅಂಚು ಹಾಗೂ ಬಾಟಲಿಯ ಮುಚ್ಚಳದ ಸುರುಳಿಗಳಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಕಿಲುಬಿನಲ್ಲಿರುವ ತಾಮ್ರದ ಲವಣಗಳು ಹೊಟ್ಟೆಗೆ ಸೇರಿದರೆ ವಾಕರಿಕೆ ತರುತ್ತವೆ. ಕಿಲುಬು ಕಂಡ ಪಾತ್ರೆಯ ನೀರನ್ನು ಕುಡಿಯಬಾರದು.

3. ತೊಳೆಯುವ ಮುನ್ನ ಪರಿಶೀಲನೆ

ಮೊದಲನೆಯದಾಗಿ, ಪಾತ್ರೆಯ ಒಳಗೆ ಬೆಳ್ಳಗಿನ ಕಲಾಯಿ ಇದೆಯೇ ಎಂದು ನೋಡಬೇಕು. ಕಲಾಯಿಯೆಂದರೆ ತವರದ ಲೇಪ. ಅದು ಇರುವ ಪಾತ್ರೆಯನ್ನು ಒರಟಾಗಿ ಉಜ್ಜಿದರೆ ಲೇಪ ಹರಿದುಹೋಗುತ್ತದೆ. ಅಂತಹ ಪಾತ್ರೆಯನ್ನು ಮೃದುವಾಗಿ ತೊಳೆದು, ಲೇಪ ಸವೆದಿದ್ದಲ್ಲಿ ಕಲಾಯಿ ಹಾಕುವವರಿಗೇ ಒಪ್ಪಿಸುವುದು ಸೂಕ್ತ.

ಎರಡನೆಯದಾಗಿ, ತಳ ಅಥವಾ ಕಂಠದಲ್ಲಿ ಬೂದುಬಣ್ಣದ ಬೆಸುಗೆಯ ತೇಪೆ ಇದೆಯೇ ಎಂದು ಪರಿಶೀಲಿಸಬೇಕು. ಹಳೆಯ ಬೆಸುಗೆಯಲ್ಲಿ ಸೀಸ ಇರುವ ಸಂಭವವಿರುತ್ತದೆ. ಸೀಸವು ನೀರಿಗೆ ಇಳಿಯುವುದು ಕಣ್ಣಿಗೆ ಕಾಣದು, ನಾಲಿಗೆಗೂ ತಿಳಿಯದು. ಆದ್ದರಿಂದ ಅಂತಹ ಕೊಡವನ್ನು ಕುಡಿಯುವ ನೀರಿಗೆ ಬಳಸದೆ ಬೇರೆ ಕೆಲಸಕ್ಕೆ ಇಟ್ಟುಕೊಳ್ಳುವುದು ಒಳಿತು. ಹಳದಿ ಛಾಯೆಯ ಹಿತ್ತಾಳೆ ಪಾತ್ರೆಗೆ ಈ ಪಾಠದ ಕ್ರಮ ಅನ್ವಯಿಸದು. ಸ್ನಾನದ ನೀರು ಕಾಯಿಸಿದ ಹಂಡೆಯನ್ನೂ ಕುಡಿಯುವ ನೀರಿಗೆ ತರಬಾರದು.

4. ಉದಾಹರಣೆ: ಹತ್ತು ಲೀಟರಿನ ಒಂದು ಕೊಡ

ಪಂಚಾಯತಿ ಕಚೇರಿಯೊಂದರ ಹತ್ತು ಲೀಟರ್ ಹಿಡಿಯುವ ತಾಮ್ರದ ಕೊಡ ಎರಡು ಮಳೆಗಾಲ ಬಳಕೆಯಿಲ್ಲದೆ ಉಳಿದಿದೆ ಎಂದಿಟ್ಟುಕೊಳ್ಳಬಹುದು. ಹೊರಮೈ ಪೂರ್ತಿ ಕಪ್ಪಾಗಿದೆ. ಕಂಠದ ಒಳಸುತ್ತಿನಲ್ಲಿ ಹಸಿರು ಕಿಲುಬಿದೆ. ಕಲಾಯಿಯೂ ಬೆಸುಗೆಯ ತೇಪೆಯೂ ಇಲ್ಲ. ಇದನ್ನು ಶುದ್ಧಗೊಳಿಸುವ ಕ್ರಮ ಹೀಗಿದೆ.

ಮೊದಲು ಕೊಡವನ್ನು ಸೀಗೆಪುಡಿ ಅಥವಾ ಪಾತ್ರೆ ತೊಳೆಯುವ ಸೋಪಿನಿಂದ ಒಳಗೂ ಹೊರಗೂ ತೊಳೆಯಬೇಕು. ಜಿಡ್ಡು ಉಳಿದಿದ್ದರೆ ಮುಂದೆ ಹಾಕುವ ಹುಳಿಯು ಲೋಹಕ್ಕೆ ತಾಗದೆ, ಕಪ್ಪು ತೇಪೆತೇಪೆಯಾಗಿ ಉಳಿಯುತ್ತದೆ.

ಬಳಿಕ ಸುಮಾರು ನೂರು ಗ್ರಾಂ ಹುಣಸೆಹಣ್ಣನ್ನು ಅರ್ಧ ಲೀಟರ್ ಬಿಸಿನೀರಿನಲ್ಲಿ ನೆನೆಸಿ, ಕಿವುಚಿ, ಎರಡು ದೊಡ್ಡ ಚಮಚ ಪುಡಿ ಉಪ್ಪು ಬೆರೆಸಬೇಕು. ಈ ರಸವನ್ನು ಒಳಗೂ ಹೊರಗೂ ಬಳಿದು ಹತ್ತರಿಂದ ಹದಿನೈದು ನಿಮಿಷ ಬಿಡಬೇಕು. ಹುಣಸೆಯ ಆಮ್ಲವು ಆಕ್ಸೈಡನ್ನೂ ಕಿಲುಬನ್ನೂ ಕರಗಿಸುತ್ತದೆ, ಉಪ್ಪು ಆ ಕೆಲಸವನ್ನು ಚುರುಕುಗೊಳಿಸುತ್ತದೆ. ಆಮೇಲೆ ತೆಂಗಿನ ನಾರಿನಿಂದ ಉಜ್ಜಬೇಕು. ಕಬ್ಬಿಣದ ತಂತಿಯ ಉಜ್ಜುಗ ಅಥವಾ ಮರಳನ್ನು ಒಳಭಾಗಕ್ಕೆ ಬಳಸಬಾರದು. ಅವು ಮಾಡುವ ಗೀರುಗಳಲ್ಲಿ ತೇವ ನಿಂತು ಕಿಲುಬು ಬೇಗನೆ ಮರುಕಳಿಸುತ್ತದೆ. ಕಪ್ಪು ಒಂದೇ ಸಲಕ್ಕೆ ಹೋಗದಿದ್ದರೆ ಹೊಸ ರಸದಿಂದ ಮತ್ತೊಮ್ಮೆ ಮಾಡಬೇಕೇ ಹೊರತು ರಸವನ್ನು ರಾತ್ರಿಯಿಡೀ ಬಿಡಬಾರದು. ಹೆಚ್ಚು ಹೊತ್ತು ಬಿಟ್ಟರೆ ಲೋಹವೇ ಸವೆಯುತ್ತದೆ.

ಉಜ್ಜಿದ ರಸದಲ್ಲಿ ಕರಗಿದ ತಾಮ್ರ ಇರುವುದರಿಂದ ಅದನ್ನು ದನಕರುಗಳ ಬಾನಿ, ಕಲಗಚ್ಚು, ತರಕಾರಿ ಮಡಿ ಅಥವಾ ಬಾವಿಯ ಬಳಿ ಚೆಲ್ಲಬಾರದು.

ಮುಂದಿನ ಹಂತವನ್ನು ಬಹುಮಂದಿ ಬಿಟ್ಟುಬಿಡುತ್ತಾರೆ. ಕೊಡವನ್ನು ಮೂರು ಬಾರಿ ಶುದ್ಧ ನೀರಿನಿಂದ ಜಾಲಿಸಿದ ಮೇಲೆ, ಒಂದು ಲೀಟರ್ ನೀರಿಗೆ ಒಂದು ಚಿಕ್ಕ ಚಮಚ ಅಡುಗೆ ಸೋಡಾ ಬೆರೆಸಿ ಒಳಭಾಗಕ್ಕೆಲ್ಲ ತಾಗುವಂತೆ ತಿರುಗಿಸಿ ಚೆಲ್ಲಬೇಕು. ಕಂಠದ ಮಡಿಕೆಯಲ್ಲಿ ಹುಳಿ ಉಳಿದಿದ್ದರೆ ಸೋಡಾ ಅದನ್ನು ತಟಸ್ಥಗೊಳಿಸುತ್ತದೆ. ಉಳಿದ ಹುಳಿಯು ಮುಂದೆ ಕುಡಿಯುವ ನೀರಿಗೆ ತಾಮ್ರವನ್ನು ಇಳಿಸಬಹುದು. ಕೊನೆಗೆ ಮತ್ತೆ ಜಾಲಿಸಿ, ಒಣಬಟ್ಟೆಯಿಂದ ಒರೆಸಿ, ಬೋರಲು ಹಾಕಿ ಒಣಗಿಸಬೇಕು.

ಹೊಸದಾಗಿ ಬರಿದಾದ ತಾಮ್ರವು ಮೊದಮೊದಲು ಹೆಚ್ಚು ಕರಗುತ್ತದೆ. ಆದುದರಿಂದ ಮೊದಲ ಎರಡು ರಾತ್ರಿ ತುಂಬಿಟ್ಟ ನೀರನ್ನು ಬೆಳಿಗ್ಗೆ ಚೆಲ್ಲಿ, ಮೂರನೆಯ ದಿನದಿಂದ ಕುಡಿಯಲು ಬಳಸಬೇಕು. ಅಷ್ಟರಲ್ಲಿ ಒಳಮೈ ಮತ್ತೆ ಮಂದವಾಗಿ ಕಂದುಬಣ್ಣಕ್ಕೆ ತಿರುಗಿದರೆ ಅದು ಕೆಟ್ಟಿತೆಂದು ತಿಳಿಯಬೇಕಿಲ್ಲ. ಒಳಭಾಗವು ಸ್ವಚ್ಛವಾಗಿದ್ದರೆ ಸಾಕು, ಹೊಳೆಯಬೇಕಾಗಿಲ್ಲ. ದಿನವೂ ಹುಳಿ ಹಾಕಿ ಒಳಗೆ ಉಜ್ಜುವುದರಿಂದ ರಕ್ಷಣೆಯ ಪದರವೇ ಹೋಗುತ್ತದೆ. ನಿತ್ಯ ನೀರಿನಿಂದ ಜಾಲಿಸಿ, ವಾರಕ್ಕೊಮ್ಮೆ ಪೂರ್ತಿ ಒಣಗಿಸಿ, ಕಿಲುಬು ಅಥವಾ ಉದುರುವ ಕಪ್ಪು ಕಂಡಾಗ ಮಾತ್ರ ಹುಳಿ ಬಳಸಬೇಕು.

ಬಾಟಲಿಯ ಬಾಯಿ ಕಿರಿದಾದುದರಿಂದ ಎರಡು ದೊಡ್ಡ ಚಮಚ ನಿಂಬೆರಸ, ಒಂದು ಚಿಕ್ಕ ಚಮಚ ಉಪ್ಪು ಮತ್ತು ಒಂದು ಲೋಟ ಉಗುರುಬೆಚ್ಚಗಿನ ನೀರು ಹಾಕಿ ಕುಲುಕಿ, ಉದ್ದ ಹಿಡಿಯ ಮೃದು ಬ್ರಷ್‌ನಿಂದ ಉಜ್ಜಬೇಕು. ಮುಚ್ಚಳದ ರಬ್ಬರ್ ಬಳೆಯನ್ನು ಬಿಚ್ಚಿ ಬೇರೆಯಾಗಿ ತೊಳೆಯಬೇಕು. ನಿಂಬೆರಸ ಮತ್ತು ಸೋಡಾವನ್ನು ಒಟ್ಟಿಗೆ ಹಾಕಿ ಮುಚ್ಚಳ ಬಿಗಿಯಬಾರದು. ಅನಿಲ ಉಕ್ಕಿ ಮುಚ್ಚಳ ಸಿಡಿಯಬಹುದು. ಬ್ಲೀಚಿಂಗ್ ಪುಡಿಯನ್ನು ಯಾವ ಕಾರಣಕ್ಕೂ ಹುಣಸೆ ಅಥವಾ ನಿಂಬೆಯೊಡನೆ ಸೇರಿಸಬಾರದು. ಅದರಿಂದ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

5. ತಾಮ್ರದ ನೀರಿನ ಗುಣ ಮತ್ತು ಮಿತಿ

ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಭೇದಿ ತರುವ ಬ್ಯಾಕ್ಟೀರಿಯಾಗಳನ್ನು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ ಹದಿನಾರು ಗಂಟೆ ಇಟ್ಟಾಗ ಅವು ಮತ್ತೆ ಬೆಳೆಯಲಾರದೆ ಹೋದವು. ಆ ನೀರಿಗೆ ಇಳಿದ ತಾಮ್ರ ಲೀಟರಿಗೆ ಸುಮಾರು 0.18 ಮಿಲಿಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರಲ್ಲಿ ತಾಮ್ರಕ್ಕೆ ಅಪೇಕ್ಷಿತ ಮಿತಿ ಲೀಟರಿಗೆ 0.05 ಮಿಲಿಗ್ರಾಂ, ಬೇರೆ ನೀರಿನ ಮೂಲವಿಲ್ಲದಿದ್ದಲ್ಲಿ ಒಪ್ಪಬಹುದಾದ ಗರಿಷ್ಠ ಮಿತಿ 1.5 ಮಿಲಿಗ್ರಾಂ. ಅಂದರೆ ಸಾಧಾರಣ ನೀರನ್ನು ಒಂದು ರಾತ್ರಿ ಇಟ್ಟು ಕುಡಿಯುವುದು ಗರಿಷ್ಠ ಮಿತಿಯೊಳಗೇ ಬರುತ್ತದೆ, ಆದರೆ ಹೆಚ್ಚಿದಷ್ಟೂ ಒಳ್ಳೆಯದೆಂಬ ಭಾವನೆಗೆ ಆಧಾರವಿಲ್ಲ.

ಎಷ್ಟು ತಾಮ್ರ ಇಳಿಯುತ್ತದೆ ಎಂಬುದು ನೀರಿನ ಹುಳಿಗುಣವನ್ನು ಅವಲಂಬಿಸಿದೆ. ಪಿಎಚ್ 6.5ಕ್ಕಿಂತ ಕಡಿಮೆಯಿರುವ ನೀರು ತಾಮ್ರವನ್ನು ಹೆಚ್ಚು ಕರಗಿಸುತ್ತದೆ. ಕರಾವಳಿಯ ಜಂಬಿಟ್ಟಿಗೆ ಮಣ್ಣಿನ ಕೆಲವು ಬಾವಿಗಳ ನೀರು ಮತ್ತು ಶುದ್ಧ ಕುಡಿಯುವ ನೀರಿನ ಘಟಕದಿಂದ ಬರುವ, ಲವಣಾಂಶ ತೆಗೆದ ನೀರು ಈ ಬಗೆಯದಾಗಿರಬಹುದು. ಗ್ರಾಮದಲ್ಲಿ ನೀರು ಪರೀಕ್ಷೆಯ ತರಬೇತಿ ಪಡೆದ ಮಹಿಳೆಯರು ಕ್ಷೇತ್ರ ಪರೀಕ್ಷಾ ಕಿಟ್‌ನಿಂದ ಪಿಎಚ್ ಅಳೆದು ತಿಳಿಸಬಲ್ಲರು. 6.5ಕ್ಕಿಂತ ಕಡಿಮೆಯಿದ್ದಲ್ಲಿ ಆ ನೀರಿಗೆ ಸ್ಟೀಲ್ ಪಾತ್ರೆಯೇ ಯೋಗ್ಯ.

ತಾಮ್ರವು ಫ್ಲೋರೈಡ್, ನೈಟ್ರೇಟ್ ಅಥವಾ ಗಡಸುತನವನ್ನು ತೆಗೆಯುವುದಿಲ್ಲ. ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿಯ ನೀರು ತಾಮ್ರದ ಕೊಡದಲ್ಲಿ ರಾತ್ರಿ ಕಳೆದರೂ ಫ್ಲೋರೈಡ್‌ನ ನೀರೇ. ಕೊಡ ಇದೆಯೆಂದು ನೀರುಗಂಟಿಯು ಟ್ಯಾಂಕಿನ ಕ್ಲೋರಿನೀಕರಣವನ್ನು ಬಿಡುವಂತಿಲ್ಲ.

6. ಬಳಕೆಯ ನಿಯಮಗಳು

ತಾಮ್ರದ ಪಾತ್ರೆಯಲ್ಲಿ ತಣ್ಣನೆಯ ಬರಿ ನೀರನ್ನು ಮಾತ್ರ ಇಡಬೇಕು. ರಾತ್ರಿ ತುಂಬಿ ಮರುದಿನ ಬಳಸಿ, ಉಳಿದುದನ್ನು ಸಂಜೆ ಚೆಲ್ಲಬೇಕು. ಮಜ್ಜಿಗೆ, ನಿಂಬೆಯ ಪಾನಕ, ಸಾರು, ಮೊಸರುಗಳನ್ನು ಇಡಲೇಬಾರದು. ಗ್ರಾಮಸಭೆಯ ದಿನ ಬೇಸಿಗೆಯೆಂದು ತಾಮ್ರದ ಕೊಡದಲ್ಲೇ ಮಜ್ಜಿಗೆ ಕಲಸಿ ಹಂಚಿದರೆ ಒಂದೇ ಹೊತ್ತಿನಲ್ಲಿ ಹಲವರು ಅಸ್ವಸ್ಥರಾಗಬಹುದು.

ನೀರಿನಲ್ಲಿ ಲೋಹದ ಕಹಿರುಚಿ ಅಥವಾ ನಸುನೀಲಿ ಛಾಯೆ ಕಂಡರೆ ತಾಮ್ರ ಮಿತಿಮೀರಿದೆ ಎಂದರ್ಥ. ಕುಡಿದ ಸ್ವಲ್ಪ ಹೊತ್ತಿನಲ್ಲೇ ವಾಕರಿಕೆ, ವಾಂತಿ, ಹೊಟ್ಟೆ ಹಿಂಡಿದಂತೆ ನೋವು ಬಂದರೆ ಪಾತ್ರೆಯ ಬಳಕೆ ನಿಲ್ಲಿಸಿ, ರೋಗಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಏನನ್ನು, ಯಾವ ಪಾತ್ರೆಯಿಂದ ಕುಡಿದರೆಂಬುದನ್ನು ವೈದ್ಯರಿಗೆ ತಿಳಿಸಬೇಕು.

ಒಂದು ವರ್ಷದೊಳಗಿನ ಶಿಶುಗಳಿಗೆ ತಾಮ್ರದ ಪಾತ್ರೆಯ ನೀರು ಕೊಡಬಾರದು, ಯಾವ ವಯಸ್ಸಿನ ಮಗುವಿಗೂ ಹಾಲನ್ನು ತಾಮ್ರ ಅಥವಾ ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಕಾಯಿಸಿ ಇಡಬಾರದು. ಹಿಂದೆ ನಮ್ಮ ದೇಶದಲ್ಲಿ ಎಳೆಯ ಮಕ್ಕಳ ಯಕೃತ್ತನ್ನು ಗಟ್ಟಿಗೊಳಿಸಿ ಪ್ರಾಣ ತೆಗೆಯುತ್ತಿದ್ದ ಒಂದು ಕಾಯಿಲೆಗೂ ಇಂತಹ ಪಾತ್ರೆಗಳಲ್ಲಿ ಕಾಯಿಸಿದ ಹಾಲಿಗೂ ಇರುವ ಸಂಬಂಧವನ್ನು 1980ರ ದಶಕದಲ್ಲಿ ಪುಣೆಯ ಮಕ್ಕಳ ಅಧ್ಯಯನಗಳು ಎತ್ತಿ ತೋರಿಸಿದವು. ಹಾಲು ಕಾಯಿಸುವ ಪಾತ್ರೆ ಬದಲಾದಂತೆ ಆ ಕಾಯಿಲೆಯೂ ಅಪರೂಪವಾಯಿತು. ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆಯವರಿಗೂ, ಯಕೃತ್ತಿನ ತೊಂದರೆಗೆ ಚಿಕಿತ್ಸೆ ಪಡೆಯುತ್ತಿರುವವರಿಗೂ ವೈದ್ಯರ ಸಲಹೆಯಿಲ್ಲದೆ ಈ ನೀರು ಸಲ್ಲದು.

7. ಸದಸ್ಯರ ಪರಿಶೀಲನೆಗೆ

ಅ) ವಾರ್ಡಿನ ಶಾಲೆ, ಅಂಗನವಾಡಿ ಹಾಗೂ ಕಚೇರಿಯಲ್ಲಿರುವ ತಾಮ್ರದ ಪಾತ್ರೆಗಳಲ್ಲಿ ಯಾವುದರ ಕಂಠದಲ್ಲಿ ಕಿಲುಬಿದೆ, ಯಾವುದಕ್ಕೆ ಬೆಸುಗೆಯ ತೇಪೆಯಿದೆ?

ಆ) ಅವುಗಳಿಗೆ ತುಂಬುವ ನೀರಿನ ಪಿಎಚ್ ಎಷ್ಟು? ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ?

ಇ) ಅಂಗನವಾಡಿಯಲ್ಲಿ ಹಾಲನ್ನು ಯಾವ ಲೋಹದ ಪಾತ್ರೆಯಲ್ಲಿ ಕಾಯಿಸಲಾಗುತ್ತಿದೆ?

ಈ) ಕೊಡವನ್ನು ಪ್ರತಿದಿನ ಖಾಲಿ ಮಾಡುವ, ವಾರಕ್ಕೊಮ್ಮೆ ಒಣಗಿಸುವ ಹೊಣೆ ಯಾರದೆಂದು ನಿಗದಿಯಾಗಿದೆಯೇ?