ಕಟ್ಟು ನಮಗೆ, ಕಾಳು ಹಸುವಿಗೆ

ಜಂಗಮಕೋಟೆ ಸುತ್ತಿನ ಹಳ್ಳಿಗಳಲ್ಲಿ ಹುರುಳಿ ಕಟ್ಟಿನ ಸಾರು ಮಾಡಿದ ದಿನ ಒಂದೇ ಪಾತ್ರೆಯಲ್ಲಿ ಮನೆಗೂ ಕೊಟ್ಟಿಗೆಗೂ ಅಡುಗೆಯಾಗುತ್ತದೆ. ಬಸಿದ ಕಟ್ಟು ನಮ್ಮ ಸಾರಿಗೆ, ಬೆಂದ ಕಾಳು ಹಸುವಿಗೆ. ಆ ಹಸು ಕೊಟ್ಟ ಹಾಲು ಎರಡು ಹೊತ್ತೂ ಡೈರಿಗೆ. ಮನೆಯಲ್ಲಿ ಉಳಿಯುವುದು ಕಾಫಿಗೆ ಬೇಕಾದ ಕಾಲು ಲೀಟರ್. ಹಾಲು ಕರೆಯುವ ಎಷ್ಟೋ ಮನೆಗಳ ವ್ಯವಹಾರ ಇದು, ನಮ್ಮದೂ ಹೀಗೇ ಇತ್ತು. ಮುದ್ದೆ ಚೆನ್ನಾಗಿ ತಿನ್ನುತ್ತಿದ್ದೆವು, ಹೊಟ್ಟೆ ತುಂಬುತ್ತಿತ್ತು. ಆದರೆ ಮನೆಗೆ ಬರುತ್ತಿದ್ದ ಪ್ರೋಟೀನು ಒಂದು ಬಾಗಿಲಿನಿಂದ ಕೊಟ್ಟಿಗೆಗೆ, ಇನ್ನೊಂದರಿಂದ ಡೈರಿ ಕ್ಯಾನಿಗೆ ಹೋಗುತ್ತಿತ್ತು.

ನಮ್ಮದು ಮಾಂಸ, ಮೊಟ್ಟೆ ಮಾಡದ ಮನೆ. ನಾನು, ಯಜಮಾನ್ರು, ಅತ್ತೆ, ಇಬ್ಬರು ಮಕ್ಕಳು. ಶಾಲೆಯಲ್ಲಿ ಮೊಟ್ಟೆ ಕೊಡುವ ದಿನ ನಮ್ಮ ಮಕ್ಕಳು ಬಾಳೆಹಣ್ಣು ತೆಗೆದುಕೊಳ್ಳುತ್ತಾರೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನು, ಬಾಳೆಹಣ್ಣಿನಲ್ಲಿ ಒಂದು ಗ್ರಾಂ. ಹಣ್ಣು ಬೇಡವೆಂದಲ್ಲ, ಉಳಿದ ಐದು ಗ್ರಾಮನ್ನು ಮನೆಯಲ್ಲೇ ತುಂಬಿಕೊಡಬೇಕು.

ಎಷ್ಟು ಬೇಕು ಎಂಬುದಕ್ಕೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2020ರಲ್ಲಿ ಹೊರಡಿಸಿದ ಲೆಕ್ಕವಿದೆ. 65 ಕಿಲೋ ತೂಗುವ ಗಂಡಸಿಗೆ ದಿನಕ್ಕೆ 54 ಗ್ರಾಂ, 55 ಕಿಲೋ ತೂಗುವ ಹೆಂಗಸಿಗೆ ಸುಮಾರು 46. ಹತ್ತು ದಾಟಿದ ಮಗುವಿಗೆ 32ರ ಸುತ್ತ, ಅದಕ್ಕಿಂತ ಚಿಕ್ಕದಕ್ಕೆ 23. ಕೂಡಿದರೆ ನಮ್ಮ ಮನೆಗೆ ದಿನಕ್ಕೆ ಸುಮಾರು 200 ಗ್ರಾಂ. ನಾವು ಐವರು ದಿನಕ್ಕೆ 700 ಗ್ರಾಂ ರಾಗಿಹಿಟ್ಟು, 600 ಗ್ರಾಂ ಅಕ್ಕಿ ಖರ್ಚು ಮಾಡುತ್ತೇವೆ. ಅದರಿಂದಲೇ 97 ಗ್ರಾಂ ಬರುತ್ತದೆ. ರಾಗಿ, ಅಕ್ಕಿಯಲ್ಲಿ ಪ್ರೋಟೀನೇ ಇಲ್ಲ ಅನ್ನುವುದು ಸುಳ್ಳು. ಹಳೇ ಪದ್ಧತಿಯಲ್ಲಿ ಅದಕ್ಕೆ ಸೇರುತ್ತಿದ್ದದ್ದು ಒಂದು ಹಿಡಿ ತೊಗರಿಬೇಳೆಯ 16 ಗ್ರಾಂ, ಕಾಫಿ ಹಾಲಿನ 8 ಗ್ರಾಂ. ಒಟ್ಟು 121.

ಕೊರತೆ ಬರೀ ತೂಕದ್ದಲ್ಲ. ಪ್ರೋಟೀನು ಒಂದೇ ಪದಾರ್ಥವಲ್ಲ, ಹಲವು ಅಮೈನೋ ಆಮ್ಲಗಳು ಸೇರಿ ಆಗುವಂಥದ್ದು. ಅವುಗಳಲ್ಲಿ ಒಂದು ಕಡಿಮೆಯಾದರೂ ಮಿಕ್ಕವು ಮೈ ಕಟ್ಟಲು ಪೂರ್ತಿ ಒದಗುವುದಿಲ್ಲ. ರಾಗಿ, ಅಕ್ಕಿ ಎರಡರಲ್ಲೂ ಲೈಸಿನ್ ಕಡಿಮೆ. ಬೇಳೆಕಾಳಿನಲ್ಲಿ ಲೈಸಿನ್ ಧಾರಾಳ, ಮೆಥಿಯೋನಿನ್ ಕಡಿಮೆ. ಅದು ಧಾನ್ಯದಲ್ಲಿ ಸಿಗುತ್ತದೆ. ಹಾಲಿನಲ್ಲಿ ಎಲ್ಲವೂ ಇವೆ, ಸೋಯಾದಲ್ಲೂ ಬಹುಮಟ್ಟಿಗೆ ಇವೆ. ಇದಕ್ಕೇ ಆ ಸಂಸ್ಥೆಯವರು ಮೂರು ಪಾಲು ಧಾನ್ಯ, ಒಂದು ಪಾಲು ಬೇಳೆಕಾಳು, ಎರಡೂವರೆ ಪಾಲು ಹಾಲು ಎಂದು ತೂಕ ಹೇಳಿರುವುದು. ಎಲ್ಲವೂ ಒಂದೇ ತಟ್ಟೆಯಲ್ಲಿ ಬೀಳಬೇಕಾಗಿಲ್ಲ. ಮಧ್ಯಾಹ್ನ ಮುದ್ದೆ-ಹುರುಳಿ, ರಾತ್ರಿ ಅನ್ನ-ಮೊಸರು ಅಂದರೂ ದಿನದೊಳಗೆ ಹೊಂದಿಕೊಳ್ಳುತ್ತದೆ.

ಮೊದಲು ಕೈ ಹಾಕಿದ್ದು ಹುರುಳಿಗೆ. ನೂರು ಗ್ರಾಂ ಹುರುಳಿಯಲ್ಲಿ 22 ಗ್ರಾಂ ಪ್ರೋಟೀನು ಇದೆ, ತೊಗರಿಬೇಳೆಗೆ ಸರಿಸಮ. ಕುದಿಸಿ ಬಸಿದಾಗ ಕಟ್ಟಿಗೆ ರುಚಿ, ಬಣ್ಣ ಇಳಿಯುತ್ತದೆಯೇ ಹೊರತು ಪ್ರೋಟೀನಿನ ಹೆಚ್ಚು ಪಾಲು ಕಾಳಿನಲ್ಲೇ ಕೂತಿರುತ್ತದೆ. "ಹುಳ್ಳಿ ಕಾಳು ತಿಂದ್ರೆ ಹೊಟ್ಟೆ ಉಬ್ಬರಿಸುತ್ತೆ ಕಣಮ್ಮಾ, ಅದು ದನಕ್ಕೇ ಸರಿ" ಅಂದರು ಅತ್ತೆ. ಅವರ ಮಾತನ್ನು ತೆಗೆದುಹಾಕುವ ಹಾಗಿಲ್ಲ. ಹಸಿ ಹುರುಳಿಯಲ್ಲಿ ಜೀರ್ಣಕ್ಕೆ ಅಡ್ಡ ಬರುವ ಅಂಶಗಳಿವೆ, ಅರೆಬೆಂದದ್ದು ತಿಂದರೆ ಹೊಟ್ಟೆ ಉಬ್ಬುವುದೂ ನಿಜ. ಮದ್ದು ಮೊಳಕೆಯಲ್ಲಿದೆ. ರಾತ್ರಿಯಿಡೀ ನೆನೆಹಾಕಿ, ಆ ನೀರು ಚೆಲ್ಲಿ, ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಬಿಟ್ಟರೆ ಸಣ್ಣ ಮೊಳಕೆ ಒಡೆಯುತ್ತದೆ. ಚಳಿಗಾಲದಲ್ಲಿ ಇನ್ನೊಂದು ಹಗಲು ಬೇಕು. ಆಮೇಲೆ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸುವುದು.

ಇಲ್ಲಿ ನಮ್ಮ ಸೀಮೆಯದೇ ಒಂದು ತೊಡಕಿದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕಾಳು ಎಷ್ಟು ಕೂಗು ಹಾಕಿಸಿದರೂ ಬೇಯುವುದಿಲ್ಲ. ನೀರಿನ ಸುಣ್ಣದಂಶ ಕಾಳಿನ ಸಿಪ್ಪೆಯನ್ನೂ ಒಳಗನ್ನೂ ಬಿಗಿಮಾಡುತ್ತದೆ. ನೆನೆಸುವುದಕ್ಕೂ ಬೇಯಿಸುವುದಕ್ಕೂ ಕುಡಿಯಲು ತರುವ ಫಿಲ್ಟರ್ ನೀರನ್ನೇ ಹಾಕಿದರೆ ಗ್ಯಾಸೂ ಉಳಿಯುತ್ತದೆ. ಹುಣಸೆಹುಳಿ ಹಾಕುವುದು ಕಾಳು ಬೆಂದ ಮೇಲೆ. ಮೊದಲೇ ಹಾಕಿದರೆ ಕಾಳು ಸೆಟೆದು ನಿಲ್ಲುತ್ತದೆ. ಒಂದು ಕಾಳು ತೆಗೆದು ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿ ನೋಡಿ. ನಡುವೆ ಬಿಳಿ ಗಟ್ಟಿ ಉಳಿಯದೆ ಹಿಟ್ಟಾಗಿ ಹರಡಿದರೆ ಬೆಂದಿದೆ. ಅತ್ತೆಗೆ ಹೊಟ್ಟೆ ತಂಟೆ ನಿಂತದ್ದು ಹೀಗೆ ಬೇಯಿಸಲು ಶುರುಮಾಡಿದ ಮೇಲೆ. ಈಗ ಕಟ್ಟಿನಲ್ಲಿ ಸಾರು ಮಾಡುತ್ತೇನೆ, ಅರ್ಧ ಕಾಳನ್ನು ಮಸಾಲೆ ಜೊತೆ ರುಬ್ಬಿ ಸಾರಿಗೇ ಸೇರಿಸುತ್ತೇನೆ, ಮಿಕ್ಕರ್ಧ ಬಸ್ಸಾರಿನ ಪಲ್ಯದ ಹಾಗೆ ಒಗ್ಗರಣೆಯಾಗಿ ತಟ್ಟೆಗೆ ಬರುತ್ತದೆ. ಹಸುವಿಗೆ ಹಿಂಡಿ ಇದೆ. ಈಚೆಗೆ ಕರು ಹಾಕಿದ್ದರೆ ಮಾತ್ರ ಅದಕ್ಕೂ ಒಂದು ಪಾಲು ಬೇರೆ ಬೇಯಿಸುತ್ತೇನೆ.

ಹುರುಳಿಯೊಂದರಿಂದಲೇ ಕೊರತೆ ತುಂಬುವುದಿಲ್ಲ. ಎಲ್ಲಿ ದುಡ್ಡು ಹಾಕಬೇಕು ಎಂದು ತಿಳಿಯಲು ಹತ್ತು ಗ್ರಾಂ ಪ್ರೋಟೀನಿಗೆ ಎಷ್ಟು ಬೀಳುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿದೆ. ನನಗೆ ಸಿಕ್ಕ ದರದಲ್ಲಿ ಹುರುಳಿ ಕಿಲೋಗೆ 70, ತೊಗರಿಬೇಳೆ 130, ಬಿಡಿ ಮೀಲ್ ಮೇಕರ್ 140, ಹಾಲು ಲೀಟರಿಗೆ 35, ಪನೀರ್ 400 ರೂಪಾಯಿ. ಮೀಲ್ ಮೇಕರಿನಲ್ಲಿ ಹತ್ತು ಗ್ರಾಮಿಗೆ ಮೂರು ರೂಪಾಯಿಯೂ ಬೀಳಲಿಲ್ಲ. ಹುರುಳಿಗೆ ಮೂರು ಚಿಲ್ಲರೆ, ತೊಗರಿಗೆ ಆರು, ಹಾಲಿಗೆ ಹನ್ನೊಂದು, ಪನೀರಿಗೆ ಇಪ್ಪತ್ತೆರಡು. ಶಾಕಾಹಾರಿ ಮನೆಗೆ ಪ್ರೋಟೀನು ಅಂದರೆ ಪನೀರ್ ಅನ್ನುವವರು ಈ ಕೊನೇ ಸಂಖ್ಯೆಯನ್ನು ನೋಡಬೇಕು. ಹಬ್ಬಕ್ಕೆ ಮಾಡಿ, ತಿನ್ನಿ. ದಿನದ ಊಟದ ಆಧಾರ ಅದಲ್ಲ.

ಮೀಲ್ ಮೇಕರ್ ಅಂದರೆ ಎಣ್ಣೆ ತೆಗೆದ ಸೋಯಾ ಹಿಟ್ಟನ್ನು ಶಾಖದಲ್ಲಿ ಒತ್ತಿ ಉಬ್ಬಿಸಿದ್ದು. ನೂರು ಗ್ರಾಮಿನಲ್ಲಿ 52 ಗ್ರಾಂ ಪ್ರೋಟೀನು ಎಂದು ಪೊಟ್ಟಣದ ಮೇಲೇ ಇರುತ್ತದೆ, ಆದರೆ ಅದು ಒಣ ತೂಕದ ಲೆಕ್ಕ. ನೆಂದು ಉಬ್ಬಿದ ಬಟ್ಟಲು ತುಂಬಿ ಕಂಡರೂ ಒಳಗಿರುವುದು ಬಹುಪಾಲು ನೀರು, ಆದ್ದರಿಂದ ಒಣಗಿದ್ದಾಗಲೇ ಅಳೆಯಬೇಕು. ಮಕ್ಕಳು ಬೇಡ ಅನ್ನುವುದು ಅದರ ವಾಸನೆಗೆ. ಉಪ್ಪು ಹಾಕಿದ ನೀರಿನಲ್ಲಿ ಐದು ನಿಮಿಷ ಕುದಿಸಿ, ಬಸಿದು, ತಣ್ಣೀರಿನಲ್ಲಿ ಎರಡು ಸಲ ಹಿಂಡಬೇಕು. ಹಿಂಡಿದ ನೀರು ನೊರೆ, ಬಣ್ಣ ಬಿಡದೆ ತಿಳಿಯಾಗಿ ಬಂದರೆ ಸಾಕು. ಗಟ್ಟಿಯಾಗಿ ಹಿಂಡದಿದ್ದರೆ ಮಸಾಲೆ ಒಳಗಿಳಿಯದೆ ಸಪ್ಪೆ ಸ್ಪಂಜು ಆಗುತ್ತದೆ. ಇಡಿಯಾಗಿ ಹಾಕಿದರೆ ನನ್ನ ಚಿಕ್ಕವನು ಆರಿಸಿ ಪಕ್ಕಕ್ಕಿಡುತ್ತಾನೆ. ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ಪುಡಿ ಪುಡಿ ಮಾಡಿ, ಕೊಬ್ಬರಿ, ಗಸಗಸೆ, ಚಕ್ಕೆ, ಲವಂಗ ರುಬ್ಬಿದ ಸಾರಿಗೆ ಹಾಕಿದರೆ ಇನ್ನೊಂದು ಮುದ್ದೆ ಕೇಳುತ್ತಾನೆ. ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದು ಸೊಪ್ಪಿಗೆ ಬಾಯಿ ಬಿಟ್ಟ ವಾರ, ಕಾಳು ನೆನೆಸಿ ಮೊಳಕೆ ಕಟ್ಟಿಸುವ ಪುರುಸೊತ್ತು ಯಾರಿಗಿರುತ್ತದೆ? ಆಗ ಕಾಲು ಗಂಟೆಯಲ್ಲಿ ಆಗುವ ಈ ಸಾರೇ ಗತಿ.

ಇಡೀ ಸೋಯಾಕಾಳನ್ನು ರಾಗಿ ಜೊತೆ ಮಿಲ್ಲಿಗೆ ಹಾಕಿಸುವವರೂ ಇದ್ದಾರೆ. ಹಸಿ ಸೋಯಾಕಾಳು ಹೊಟ್ಟೆಗೆ ಒಳ್ಳೆಯದಲ್ಲ. ನೆನೆಸಿ, ನೀರಿನಲ್ಲಿ ಚೆನ್ನಾಗಿ ಬೇಯಿಸಿ, ಒಣಗಿಸಿ, ಹುರಿದು ಆಮೇಲೆ ಬೀಸಬೇಕು. ಎಣ್ಣೆಯಂಶ ಇರುವುದರಿಂದ ಹಿಟ್ಟು ಬೇಗ ಮುಗ್ಗುತ್ತದೆ. ಮುದ್ದೆಯೂ ಕಟ್ಟು ಬಿಡುತ್ತದೆ. ನನಗೆ ಅಷ್ಟೊಂದು ಕೆಲಸಕ್ಕೆ ತಕ್ಕ ಫಲ ಕಾಣಲಿಲ್ಲ, ಬಿಟ್ಟೆ.

ಹಾಲಿನ ವಿಷಯ ಬೇರೆ ಥರ. ದುಬಾರಿಯಾದರೂ ಲೈಸಿನ್ನಿಗೂ ಸುಣ್ಣಕ್ಕೂ ಅದು ಬೇಕು. ಕಾಲು ಲೀಟರ್ ಇಟ್ಟುಕೊಳ್ಳುವ ಕಡೆ ಒಂದು ಲೀಟರ್ ಇಟ್ಟುಕೊಳ್ಳುತ್ತೇವೆ. ಡೈರಿಗೆ ಹಾಲು ಹಾಕುವವರಿಗೆ ಫ್ಯಾಟ್, ಎಸ್‌ಎನ್‌ಎಫ್ ಎರಡೂ ಗೊತ್ತು. ಪ್ರೋಟೀನು ಇರುವುದು ಫ್ಯಾಟಿನಲ್ಲಲ್ಲ, ಎಸ್‌ಎನ್‌ಎಫ್ ಪಾಲಿನಲ್ಲಿ. ಹಾಗಾಗಿ ಕೆನೆ ತೆಗೆದು ಬೆಣ್ಣೆಗೆ ಇಟ್ಟರೂ ಉಳಿದ ಹಾಲಿನ ಪ್ರೋಟೀನಿಗೆ ಮೋಸವಿಲ್ಲ, ಬೆಣ್ಣೆ ಕಡೆದ ಮಜ್ಜಿಗೆಯಲ್ಲೂ ಅದು ಇರುತ್ತದೆ. ಮೋಸವಾಗುವುದು ನೀರಿನಲ್ಲಿ. ಒಂದು ಪಾಲು ಮೊಸರಿಗೆ ಮೂರು ಪಾಲು ನೀರು ಬೆರೆಸಿದ ಮಜ್ಜಿಗೆಯ ದೊಡ್ಡ ಲೋಟದಲ್ಲಿ ಎರಡು ಗ್ರಾಮೂ ಸಿಗುವುದಿಲ್ಲ. ಮಕ್ಕಳಿಗೆ ಅದಕ್ಕೇ ಮೊಸರನ್ನೇ ಅನ್ನಕ್ಕೆ ಕಲಸಿ ಕೊಡುತ್ತೇನೆ. ನೀರು ಮಜ್ಜಿಗೆ ಹೊಲದಿಂದ ಬಂದವರ ಬಾಯಾರಿಕೆಗೆ.

ಈಗಿನ ಒಂದು ದಿನ ಹೀಗಿದೆ. ರಾಗಿ, ಅಕ್ಕಿ ಹಿಂದಿನಷ್ಟೇ, 97 ಗ್ರಾಂ. ಹುರುಳಿ 150 ಗ್ರಾಂ ಹಾಕಿದರೆ 33, ತೊಗರಿಬೇಳೆ ನೂರಕ್ಕೆ 22, ಒಣ ಮೀಲ್ ಮೇಕರ್ ಐವತ್ತಕ್ಕೆ 26, ಲೀಟರ್ ಹಾಲಿಗೆ 32. ಕೂಡಿದರೆ 210. ಬೇಳೆಕಾಳಿನ ತೂಕ ಆ ಮೂರಕ್ಕೊಂದು ಪಾಲಿಗೆ ಸಾಕಷ್ಟು ಕಡಿಮೆ ಬೀಳುತ್ತದೆ, ಆದರೆ ಐವತ್ತು ಗ್ರಾಂ ಮೀಲ್ ಮೇಕರ್ 120 ಗ್ರಾಂ ಬೇಳೆಯ ಕೆಲಸ ಮಾಡುವುದರಿಂದ ಆ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ಇದು ಮನೆಯ ಒಟ್ಟು ಲೆಕ್ಕ. ಬಡಿಸುವಾಗ ಗಂಡಸರ ತಟ್ಟೆಗೇ ಕಾಳೆಲ್ಲ ಹೋಗಿ, ಕೊನೆಗೆ ಕೂತವಳಿಗೆ ಬರೀ ಸಾರು ಉಳಿದರೆ ಲೆಕ್ಕ ಕೆಡುತ್ತದೆ. ಪಲ್ಯ ಬಡಿಸುವ ಮೊದಲೇ ನಾನು, ಅತ್ತೆ ನಮ್ಮ ಪಾಲು ಎತ್ತಿಡುತ್ತೇವೆ.

ಹುರುಳಿ ಉಷ್ಣ ಎಂದು ಬೇಸಿಗೆಯಲ್ಲಿ ಯಾರೂ ಮುಟ್ಟದಾಗ ಹೆಸರುಕಾಳು, ಅಲಸಂದೆ ಅದೇ ತೂಕದಲ್ಲಿ ಬರುತ್ತವೆ. ಪುಷ್ಯದ ಹೊತ್ತಿಗೆ ಸೊನೆ ಅವರೆ ಬಂದರೆ ಇಡೀ ಮನೆ ಹಿತಕಿದ ಬೇಳೆಗೆ ಕೂರುತ್ತದೆ. ಹಸಿ ಅವರೆಕಾಳಿನಲ್ಲಿ ನೀರೇ ಹೆಚ್ಚು, ಒಣ ಕಾಳಿನ ಎರಡು ಪಟ್ಟಿಗಿಂತ ಹೆಚ್ಚೇ ಹಾಕಬೇಕು. ಅವರೆ ಕಾಲದಲ್ಲಿ ಅದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅತ್ತೆ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು. ಸೋಯಾ ಆ ಮಾತ್ರೆ ಮೈಗೆ ಹಿಡಿಯುವುದನ್ನು ತಗ್ಗಿಸುತ್ತದೆ, ಹಾಲಿನ ಸುಣ್ಣವೂ ಹಾಗೇ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಿದ ಮೇಲೆ ನಾಲ್ಕು ಗಂಟೆ ಅವರಿಗೆ ಸೋಯಾ ಬಡಿಸುವುದಿಲ್ಲ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಈ ಲೆಕ್ಕಕ್ಕೆ ಬರಕೂಡದು.

ಖರ್ಚು? ಹುರುಳಿ ಮೊದಲೂ ತರುತ್ತಿದ್ದದ್ದೇ. ಹೆಚ್ಚಿಗೆ ಬೀಳುವುದು ಮೀಲ್ ಮೇಕರಿಗೆ ಏಳು ರೂಪಾಯಿ, ಬೇಳೆಗೆ ಮೂರು, ಡೈರಿಗೆ ಹಾಕದೆ ಉಳಿಸಿಕೊಂಡ ಮುಕ್ಕಾಲು ಲೀಟರ್ ಹಾಲಿಗೆ ಇಪ್ಪತ್ತಾರು. ದಿನಕ್ಕೆ ಮೂವತ್ತಾರು ರೂಪಾಯಿ. ಬಟವಾಡೆಯ ದಿನ ಹಾಲಿನ ದುಡ್ಡು ಕಡಿಮೆ ಬಂದದ್ದು ಯಜಮಾನ್ರಿಗೆ ಮೊದಲು ಕಿರಿಕಿರಿ ಮಾಡಿತು. ಮಕ್ಕಳ ಹಾಲಿಗೆ ಬೆರೆಸುವ ಡಬ್ಬಿ ಪುಡಿ, ದಿನಾ ಸಂಜೆಯ ಬಿಸ್ಕತ್ತು ಎರಡನ್ನೂ ನಿಲ್ಲಿಸಿ ಅಂಗಡಿ ಚೀಟಿಯನ್ನು ಅವರ ಮುಂದಿಟ್ಟೆ. ಅರ್ಧಕ್ಕಿಂತ ಹೆಚ್ಚು ಅಲ್ಲೇ ವಾಪಸು ಬಂದಿತ್ತು.