ಗ್ರಾಚ್ಯುಟಿ ಯಾರ ಕೈಗೆ?

ಸಂಘದ ಅಕ್ಕಂದಿರೇ, ಸಕ್ಕರೆ ಕಾರ್ಖಾನೆ ಕೆಲಸಗಾರರೊಬ್ಬರ ಉದಾಹರಣೆ ತೊಗೊಳ್ಳೋಣ. ಮದುವೆಗೆ ಮುಂಚೆ ಗ್ರಾಚ್ಯುಟಿಗೆ ಅಣ್ಣನ ಹೆಸರು ಬರೆಸಿದ್ದರು. 4 ವರ್ಷ ದುಡಿದು, ಕೆಲಸದಲ್ಲಿರುವಾಗಲೇ ತೀರಿಕೊಂಡರು.

'ಐದು ವರ್ಷ ತುಂಬಿಲ್ಲ, ಏನೂ ಸಿಗೂದಿಲ್ಲ' ಅಂತ ಜನ ಹೇಳ್ತಾರೆ. ಹಾಗಲ್ಲ, ಸಾವಾದಾಗ ಆ ಷರತ್ತಿಲ್ಲ. ಕೊನೆಯ ತಿಂಗಳ ಮೂಲ ವೇತನ, ತುಟ್ಟಿಭತ್ಯೆ ಸೇರಿ 13,000 ರೂಪಾಯಿ ಎನ್ನೋಣ. 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 7,500, ನಾಲ್ಕು ವರ್ಷಕ್ಕೆ 30,000.

ಅಣ್ಣನಿಗೆ ಹೋಗುತ್ತದೆಯೇ? ಇಲ್ಲ. ದುಡಿಯುವ ಅಣ್ಣ ಕಾನೂನಿನ 'ಕುಟುಂಬ'ದಲ್ಲಿ ಬರೂದಿಲ್ಲ. ಮದುವೆಯಾದ ಕೂಡಲೇ ಆ ನಾಮಿನೇಷನ್ ಬಿದ್ದುಹೋಯಿತು. 2025ರ ನವೆಂಬರ್ 21ರಿಂದ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಹೀಗೇ ಇದೆ. ಹೊಸದು ಬರೆಸದಿದ್ದರೆ ಹಣ ವಾರಸುದಾರರಿಗೆ. ವಾರಸಾ ಕಾಗದಕ್ಕೆ ಹೆಂಡತಿ ಅಲೆಯಬೇಕು. ಅವಳ ಹೆಸರೇ ಇದ್ದರೆ ನೇರವಾಗಿ ಅವಳಿಗೇ ಕೊಡ್ತಾರೆ.

ಮನೆಯವರನ್ನು ಇವತ್ತೇ ಕೇಳಿರಿ. ಕಚೇರಿ ಸಹಿಯಿರುವ ನಕಲು ಮನೆಯಲ್ಲಿರಲಿ.