ನಳದ ನೀರು ಮತ್ತು ಕಪ್ಪೆಯ ಹೃದಯ

ಭಾಲ್ಕಿ, ಔರಾದ ಕಡೆ ಬೋರ್‌ವೆಲ್ ನೀರು ಕಾಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟೋದನ್ನ ನೀವೆಲ್ಲ ನೋಡಿರ್ತೀರಿ. ಅದರಲ್ಲಿ ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೋನೇಟ್. ಗೀಸರ್ ಹಾಳು ಮಾಡುವ ಈ ಕ್ಯಾಲ್ಸಿಯಂ ಇಲ್ಲದೆ ಹೃದಯ ಬಡಿಯೋದಿಲ್ಲ ಅಂತ ಗೊತ್ತಾಗಿದ್ದೂ ಇಂಥ ಗಡಸು ನೀರಿನಿಂದಲೇ.

ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪಿನ ದ್ರಾವಣ ಹರಿಸಿ ಪ್ರಯೋಗ ಮಾಡುತ್ತಿದ್ದರು. ಅದು ಚೆನ್ನಾಗಿ ಬಡಿಯುತ್ತಿತ್ತು. ದ್ರಾವಣ ಮಾಡಿದ್ದು ಬಟ್ಟಿ ಇಳಿಸಿದ ನೀರಿನಲ್ಲಿ ಅಂತ ಅವರು ತಿಳಿದಿದ್ದರು. ಅಸಲಿಗೆ ಅದು ನಳದ ನೀರು ಅಂತ 1883ರಲ್ಲಿ ಬರೆದರು. ನಿಜವಾದ ಬಟ್ಟಿ ನೀರು ಬಳಸಿದಾಗ ಬಡಿತ ಕುಗ್ಗಿ ನಿಂತುಹೋಯಿತು. ಸ್ವಲ್ಪ ಕ್ಯಾಲ್ಸಿಯಂ ಲವಣ ಹಾಕಿದರೆ ಮತ್ತೆ ಶುರು!

ಮುಂದಿನ ಪ್ರಯೋಗಗಳಲ್ಲಿ ಇನ್ನೊಂದು ಸಂಗತಿ ಕಂಡಿತು. ಕ್ಯಾಲ್ಸಿಯಂ ತೆಗೆದಾಗಲೂ ವಿದ್ಯುತ್ ಸಿಗ್ನಲ್ ಬರುತ್ತಿತ್ತು, ಸ್ನಾಯು ಮಾತ್ರ ಕುಗ್ಗುತ್ತಿರಲಿಲ್ಲ. ಅಂದ್ರೆ ಕರೆಂಟ್ ಇದೆ, ಮೋಟಾರ್ ತಿರುಗ್ತಿಲ್ಲ. ನಡುವಿನ ಕೊಂಡಿಯೇ ಕ್ಯಾಲ್ಸಿಯಂ.

ಆ ಕೊಂಡಿ ಹೇಗೆ ಕೆಲಸ ಮಾಡ್ತದೆ ನೋಡೋಣ. ಜೀವಕೋಶದ ಹೊರಗೆ ಕ್ಯಾಲ್ಸಿಯಂ ಒಳಗಿಗಿಂತ ಸುಮಾರು 10,000 ಪಟ್ಟು ಹೆಚ್ಚಿರುತ್ತದೆ. ಸಿಗ್ನಲ್ ಬಂದಾಗ ಪೊರೆಯ ಎಲ್-ಟೈಪ್ ಚಾನೆಲ್‌ಗಳು ತೆರೆದು ಸ್ವಲ್ಪ ಕ್ಯಾಲ್ಸಿಯಂ ಒಳಗೆ ಬರುತ್ತದೆ. ಅದು ಎದುರಿಗಿರುವ ರಯನೊಡಿನ್ ರಿಸೆಪ್ಟರ್ ಎಂಬ ಬಾಗಿಲನ್ನು ತೆರೆಸುತ್ತದೆ. ಆಗ ಸಾರ್ಕೊಪ್ಲಾಸ್ಮಿಕ್ ರೆಟಿಕ್ಯುಲಂ ಎಂಬ ಒಳಗಿನ ಗೋದಾಮಿನಿಂದ ಹೆಚ್ಚಿನ ಕ್ಯಾಲ್ಸಿಯಂ ಹೊರಬೀಳುತ್ತದೆ. ಸಣ್ಣ ಕರೆಂಟಿನಿಂದ ದೊಡ್ಡ ಪಂಪ್‌ಸೆಟ್ ಚಾಲು ಮಾಡುವ ಸ್ಟಾರ್ಟರ್ ಇದ್ದಂಗೆ. ಆದರೆ ಹೋಲಿಕೆ ಪೂರ್ತಿ ಸರಿಯಲ್ಲ: ಇಲ್ಲಿ ಒಳಬಂದ ಕ್ಯಾಲ್ಸಿಯಂ ಹೆಚ್ಚಾದಂತೆ ಬಿಡುಗಡೆಯೂ ಹೆಚ್ಚುತ್ತದೆ. ಕಪ್ಪೆಯ ಹೃದಯದಲ್ಲಿ ಈ ಗೋದಾಮು ತೀರಾ ಚಿಕ್ಕದು, ಅದು ಹೆಚ್ಚಾಗಿ ಹೊರಗಿನ ಕ್ಯಾಲ್ಸಿಯಂ ಮೇಲೆಯೇ ನಡೀತದೆ. ರಿಂಗರ್ ಅವರಿಗೆ ಪರಿಣಾಮ ಅಷ್ಟು ಸ್ಪಷ್ಟವಾಗಿ ಕಂಡಿದ್ದಕ್ಕೆ ಇದೂ ಕಾರಣ. ನಮ್ಮ ಕೈಕಾಲಿನ ಸ್ನಾಯುವಿನಲ್ಲಿ ಮಾತ್ರ ಚಾನೆಲ್ ಆ ಬಾಗಿಲಿಗೆ ನೇರವಾಗಿ ಜೋಡಿಸಿದಂತಿರುತ್ತದೆ, ಹೊರಗಿನ ಕ್ಯಾಲ್ಸಿಯಂ ಬರಲಿ ಅಂತ ಕಾಯೋದಿಲ್ಲ.

ಬಿಡುಗಡೆಯಾದ ಕ್ಯಾಲ್ಸಿಯಂ ಆಕ್ಟಿನ್ ಎಳೆಯ ಮೇಲಿನ ಟ್ರೋಪೋನಿನ್‌ಗೆ ಅಂಟುತ್ತದೆ. ಆಗ ಟ್ರೋಪೊಮಯೋಸಿನ್ ಎಂಬ ದಾರ ಪಕ್ಕಕ್ಕೆ ಸರಿದು, ಮಯೋಸಿನ್ ಹಿಡಿಯುವ ಜಾಗ ತೆರೆಯುತ್ತದೆ. ಎಟಿಪಿಯನ್ನು ಒಡೆದು ಮೊದಲೇ ಸೆಟೆದು ನಿಂತ ಮಯೋಸಿನ್ ತಲೆ ಅಲ್ಲಿ ಹಿಡಿದು, ಫಾಸ್ಫೇಟ್ ಬಿಟ್ಟು, ಎಳೆಯನ್ನು ಕೆಲವು ನ್ಯಾನೊಮೀಟರ್ ಎಳೆಯುತ್ತದೆ. ಆಮೇಲೆ ಎಡಿಪಿ ಹೊರಬೀಳುತ್ತದೆ, ಹೊಸ ಎಟಿಪಿ ಬಂದು ಕೂತಾಗ ಮಾತ್ರ ತಲೆ ಹಿಡಿತ ಬಿಡುತ್ತದೆ. ಎಟಿಪಿ ಖರ್ಚಾಗೋದು ಎಳೆಯೋಕೆ ಮಾತ್ರ ಅಂತ ಅಂದುಕೊಳ್ಳೋದು ಸಹಜ, ಆದ್ರೆ ಬಿಡೋಕೂ ಅದೇ ಬೇಕು. ಸತ್ತ ನಂತರ ದೇಹ ಸೆಟೆದುಕೊಳ್ಳೋದು ಅದಕ್ಕೇ.

ಮುಂದಿನ ಬಡಿತಕ್ಕೆ ಮುಂಚೆ ಕ್ಯಾಲ್ಸಿಯಂ ಖಾಲಿ ಆಗಬೇಕು. ಸೆರ್ಕಾ ಪಂಪ್ ಹೆಚ್ಚಿನ ಪಾಲನ್ನು ಗೋದಾಮಿಗೆ ಮರಳಿಸುತ್ತದೆ. ಉಳಿದದ್ದನ್ನು ಮುಖ್ಯವಾಗಿ ಇನ್ನೊಂದು ಪ್ರೋಟೀನ್ 3 ಸೋಡಿಯಂ ಒಳಗೆ ಬಿಟ್ಟುಕೊಂಡು 1 ಕ್ಯಾಲ್ಸಿಯಂ ಹೊರಹಾಕುವ ಲೆಕ್ಕದಲ್ಲಿ ಸಾಗಿಸುತ್ತದೆ. ಸೆರ್ಕಾ ನಿಧಾನವಾದರೆ ಎರಡು ತೊಂದರೆ: ಸ್ನಾಯು ಪೂರ್ತಿ ಸಡಿಲವಾಗದೆ ಹೃದಯದಲ್ಲಿ ರಕ್ತ ಸರಿಯಾಗಿ ತುಂಬೋದಿಲ್ಲ, ಗೋದಾಮು ಅರ್ಧ ಖಾಲಿ ಉಳಿದು ಮುಂದಿನ ಬಡಿತವೂ ಸಪ್ಪೆಯಾಗುತ್ತದೆ. ಹಾರ್ಟ್ ಫೇಲ್ಯೂರ್ ಆದ ಎಷ್ಟೋ ಹೃದಯಗಳಲ್ಲಿ ಕಂಡುಬಂದಿರೋದು ಇದೇ.